ಹರಿಯಲಿ, ಪೋಣಿಸಲಿ, ಹೊಸೆಯಲಿ

ದಿನಪತ್ರಿಕೆಯ ಒಂದು ಹಾಳೆ ತೆಗೆದುಕೊಂಡು ಮೇಲಿನಿಂದ ಕೆಳಕ್ಕೆ ಹರಿದು ನೋಡಿ. ಅಳತೆಪಟ್ಟಿ ಇಟ್ಟಂತೆ ನೆಟ್ಟಗೆ ಹರಿಯುತ್ತದೆ. ಅದನ್ನೇ ಅಡ್ಡಕ್ಕೆ ಹರಿಯಹೋದರೆ ಸೊಟ್ಟಸೊಟ್ಟಗೆ ಎತ್ತಲೋ ಹೊರಟುಬಿಡುತ್ತದೆ. ಕಾಗದದ ಕಾರ್ಖಾನೆಯಲ್ಲಿ ನಾರಿನ ಎಳೆಗಳು ಯಂತ್ರ ಓಡುವ ದಿಕ್ಕಿಗೇ ಹೆಚ್ಚಾಗಿ ಕೂರುತ್ತವೆ. ದೊಡ್ಡ ಅಳತೆಯ ಪತ್ರಿಕೆಗಳಲ್ಲಿ ಆ ದಿಕ್ಕು ಪುಟದ ಉದ್ದಕ್ಕೆ ಬರುತ್ತದೆ. ಮೂರು ವರ್ಷದ ಮಗುವಿನ ಕೈಗೆ ಕಾಗದ ಕೊಡುವವರಿಗೆ ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಅಡ್ಡಕ್ಕೆ ಸಿಕ್ಕಿದ ಕಾಗದವನ್ನು ಮಗು ಎರಡು ಸಲ ಎಳೆಯುತ್ತದೆ, ಹರಿಯದಿದ್ದರೆ ಬಿಸಾಡಿ ಎದ್ದು ಹೋಗುತ್ತದೆ. ನಾವು ‘ಇವನಿಗೆ ಒಂದು ಕಡೆ ಕೂರೋದೇ ಆಗಲ್ಲ’ ಎಂದುಬಿಡುತ್ತೇವೆ.

ಮೂರು ವರ್ಷಕ್ಕೆ ಪ್ಲೇಹೋಮ್ ಸೇರಿದ ಮಗು ಚುಕ್ಕೆ ಸೇರಿಸಿ ‘ಅ’ ತಿದ್ದುವ ಪುಸ್ತಕವನ್ನು ಮನೆಗೆ ತರುವುದು ಈಗ ಊರೂರಲ್ಲಿ ಮಾಮೂಲು. ತಿದ್ದಬೇಕಾದ ಕೈ ಹೇಗಿದೆ ಎಂದು ನೋಡುವವರು ಕಡಿಮೆ. ದೊಡ್ಡವರ ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿರುತ್ತವೆ. ಮೂರು ವರ್ಷದ ಮಗುವಿನ ಕೈಯ ಎಕ್ಸ್-ರೇಯಲ್ಲಿ ಸಾಮಾನ್ಯವಾಗಿ ಮೂರರ ಆಸುಪಾಸು ಮಾತ್ರ ಕಾಣುತ್ತವೆ, ಮಿಕ್ಕವು ಇನ್ನೂ ಮೆದು ಮೂಳೆಯಾಗಿಯೇ ಇರುತ್ತವೆ. ಹಿಡಿತ ಬಲಿಯುವುದೂ ಭುಜದಿಂದ ಕೆಳಕ್ಕೆ: ಮೊದಲು ಭುಜ, ಆಮೇಲೆ ಮೊಣಕೈ, ಆಮೇಲೆ ಮಣಿಕಟ್ಟು, ಕೊನೆಯಲ್ಲಿ ಬೆರಳ ತುದಿ. ಅದಕ್ಕೇ ಈ ವಯಸ್ಸಿನ ಮಗು ಗೆರೆ ಎಳೆಯುವಾಗ ಇಡೀ ತೋಳೇ ಅಲ್ಲಾಡುತ್ತದೆ. ನೋಡಿ ಬರೆಯುವ ಆಕಾರಗಳಿಗೂ ಒಂದು ಸರದಿಯಿದೆ. ಎರಡು ವರ್ಷದ ಹೊತ್ತಿಗೆ ನಿಂತ ಗೆರೆ, ಅದಾದ ಸ್ವಲ್ಪ ದಿನಕ್ಕೆ ಅಡ್ಡ ಗೆರೆ, ಮೂರಕ್ಕೆ ಸೊನ್ನೆ, ನಾಲ್ಕಕ್ಕೆ ಕೂಡಿಸುವ ಚಿಹ್ನೆ. ಸೊನ್ನೆಯನ್ನೇ ಈಗಷ್ಟೇ ಮುಚ್ಚಲು ಕಲಿತ ಮಗುವಿನಿಂದ ಒಳಸುತ್ತು, ಹೊರಸುತ್ತು ಎರಡೂ ಇರುವ ‘ಅ’ ಬರೆಸುವುದು ನನ್ನ ಪ್ರಕಾರ ಅವಸರವೇ. ಹರಿಯುವುದು, ಪೋಣಿಸುವುದು, ಹೊಸೆಯುವುದು ಈ ಮೂರೂ ಆ ಕೈಗೆ ಈಗ ಆಗುವ ಕೆಲಸಗಳು. ಒಂದೊಂದೂ ಬರವಣಿಗೆಗೆ ಬೇಕಾದ ಬೇರೆ ಬೇರೆ ತುಣುಕನ್ನು ಕಟ್ಟಿಕೊಡುತ್ತದೆ.

ಹರಿಯುವುದನ್ನೇ ಹತ್ತಿರದಿಂದ ನೋಡೋಣ. ನಮ್ಮ ಪಕ್ಕದ ಮನೆಯ ಹುಡುಗಿಗೆ ಮೂರು ವರ್ಷ ಎರಡು ತಿಂಗಳು. ಹಾಳೆ ಕೊಟ್ಟ ಕೂಡಲೇ ಎರಡು ಅಂಚನ್ನೂ ಮುಷ್ಟಿಯಲ್ಲಿ ಹಿಡಿದು, ಎರಡು ಕೈಯನ್ನೂ ಎಡಕ್ಕೂ ಬಲಕ್ಕೂ ಜಗ್ಗಿದಳು. ಕಾಗದ ಬಿಗಿಯಾಯಿತೇ ಹೊರತು ಹರಿಯಲಿಲ್ಲ. ಹೀಗೆ ಜಗ್ಗಿದರೆ ಬಲವೆಲ್ಲ ಹಾಳೆಯ ಅಗಲಕ್ಕೆ ಹಂಚಿಹೋಗುತ್ತದೆ. ಹರಿಯಬೇಕಾದರೆ ಎರಡು ಹೆಬ್ಬೆರಳೂ ಒಂದಕ್ಕೊಂದು ತಾಗುವಷ್ಟು ಹತ್ತಿರ ಬರಬೇಕು, ಒಂದು ಕೈ ತನ್ನ ಕಡೆಗೆ, ಇನ್ನೊಂದು ಆಚೆಗೆ ಹೊರಳಬೇಕು. ಎರಡು ಕೈ ಒಂದೇ ಹೊತ್ತಿನಲ್ಲಿ ಎರಡು ಬೇರೆ ಕೆಲಸ ಮಾಡುವುದು ಈ ವಯಸ್ಸಿಗೆ ಹೊಸದು. ಮುಂದೆ ಒಂದು ಕೈ ಬರೆಯುವಾಗ ಇನ್ನೊಂದು ಕೈ ಪುಸ್ತಕ ಅಲುಗದಂತೆ ಹಿಡಿಯುವುದೂ ಇದೇ ಜಾತಿಯ ಕೆಲಸ.

ಅವಳ ಅಜ್ಜಿ ಉಪದೇಶ ಮಾಡಲಿಲ್ಲ. ಪತ್ರಿಕೆಯ ಕಾಲು ಹಾಳೆ ತೆಗೆದುಕೊಂಡು, ಮೇಲಿನ ಅಂಚಿನಲ್ಲಿ ಎರಡೆರಡು ಬೆರಳು ಬಿಟ್ಟು ಕತ್ತರಿಯಿಂದ ಒಂದಂಗುಲದಷ್ಟು ಕಚ್ಚು ಹಾಕಿದರು. ಕಚ್ಚಿನ ಎರಡು ಪಕ್ಕದಲ್ಲೂ ಪೆನ್ನಿನಿಂದ ಒಂದೊಂದು ಚುಕ್ಕೆ ಇಟ್ಟು, ‘ಇಲ್ಲಿ ಹೆಬ್ಬೆಟ್ಟು, ಇಲ್ಲಿ ಹೆಬ್ಬೆಟ್ಟು, ಈಗ ಇದನ್ನ ನಿನ್ ಹತ್ರ ಎಳ್ಕೋ ಪುಟ್ಟಿ’ ಅಂದರು. ಚರ್‍ರೆಂದು ಸದ್ದಾಯಿತು. ಆ ಸದ್ದಿಗೇ ಮಗು ಇನ್ನೊಂದು ಹಾಳೆಗೆ ಕೈಚಾಚಿತು. ಉದ್ದ ಪಟ್ಟಿಗಳು ಸಲೀಸಾಗಿ ಬರತೊಡಗಿದ ಮೇಲೆ ಕಚ್ಚು ಹಾಕುವುದನ್ನು ನಿಲ್ಲಿಸಬಹುದು. ಆಮೇಲೆ ಪಟ್ಟಿಯನ್ನೇ ಉಗುರಿನಷ್ಟು ಚೂರುಗಳಾಗಿ ಹರಿಸಬೇಕು. ಬೆರಳ ತುದಿಯ ನಿಜವಾದ ಕೆಲಸ ಇಲ್ಲಿದೆ, ಏಕೆಂದರೆ ಪುಟ್ಟ ಚೂರನ್ನು ಮುಷ್ಟಿಯಲ್ಲಿ ಹಿಡಿದು ಹರಿಯಲು ಬರುವುದಿಲ್ಲ. ಪತ್ರಿಕೆಯ ಕಾಗದ ಪಳಗಿದ ನಂತರ ವಾರಪತ್ರಿಕೆಯ ನುಣುಪು ಹಾಳೆ, ಎಲ್ಲಕ್ಕಿಂತ ಕೊನೆಗೆ ಹಳೆಯ ಮದುವೆ ಕರೆಯೋಲೆ. ಟಿಶ್ಯೂ ಕಾಗದ ಸುಲಭ ಎಂದುಕೊಳ್ಳುವವರಿದ್ದಾರೆ. ಅದು ಹಿಡಿತಕ್ಕೆ ನಿಲ್ಲದೆ ಬೆರಳಲ್ಲೇ ಮುದ್ದೆಯಾಗುತ್ತದೆ.

ಶಾಲೆಯ ಗೋಡೆಗೆ ಅಂಟಿಸಿದ ‘ಹರಿದ ಕಾಗದದ ಆನೆ’ಗಳ ಬಗ್ಗೆಯೂ ಒಂದು ಮಾತು. ಚೂರುಗಳೆಲ್ಲ ಒಂದೇ ಅಳತೆಯಲ್ಲಿದ್ದು, ಒಂದೂ ಗೆರೆ ದಾಟದೆ ಕೂತಿದ್ದರೆ ಆ ಆನೆಯನ್ನು ಮಾಡಿದವರು ಯಾರೆಂದು ಎಲ್ಲ ಅಮ್ಮಂದಿರಿಗೂ ಗೊತ್ತು. ಕಾಗದ ಹರಿದಾಗಲೇ ಮಗುವಿನ ಕೆಲಸ ಮುಗಿಯಿತು, ಅಂಟಿಸದೆ ಬುಟ್ಟಿಗೆ ಸುರಿದರೂ ನಷ್ಟವೇನಿಲ್ಲ.

ಪೋಣಿಸುವುದು ನೋಡಲು ಒಂದೇ ಕೆಲಸ, ಒಳಗೆ ನಾಲ್ಕಿವೆ. ದಾರದ ತುದಿಯನ್ನು ತೂತಿಗೆ ತೂರಿಸಬೇಕು, ಆ ಕೈ ಬಿಡಬೇಕು, ಮಣಿ ಹಿಡಿದಿದ್ದ ಕೈಯಿಂದ ಆಚೆ ಬಂದ ತುದಿಯನ್ನು ಹಿಡಿಯಬೇಕು, ಎಳೆಯಬೇಕು. ಮಗು ತಪ್ಪುವುದು ಹೆಚ್ಚಾಗಿ ನಡುವಿನ ಎರಡರಲ್ಲಿ. ತೂರಿಸಿದ ಕೈಯನ್ನು ಬಿಡದೆ ಅದೇ ಕೈಯಿಂದ ಹಿಂದಕ್ಕೆ ಎಳೆಯುತ್ತದೆ, ದಾರ ಬಂದ ದಾರಿಯಲ್ಲೇ ಹೊರಬೀಳುತ್ತದೆ. ಹಾಗಾದಾಗ ಇನ್ನೂ ದೊಡ್ಡ ಮಣಿ ಹುಡುಕಿ ಪ್ರಯೋಜನವಿಲ್ಲ. ದಾರದ ತುದಿಗೆ ಎರಡು ಅಂಗುಲದಷ್ಟು ಸೆಲ್ಲೋಟೇಪ್ ಬಿಗಿಯಾಗಿ ಸುತ್ತಿ ಕಡ್ಡಿಯಂತೆ ಗಟ್ಟಿ ಮಾಡಿ. ಆಗ ಆಚೆ ಬದಿಯಲ್ಲಿ ಹಿಡಿಯಲು ಬೇಕಾದಷ್ಟು ಉದ್ದ ಸಿಗುತ್ತದೆ. ಮೊದಲ ದಿನಗಳಲ್ಲಿ ತೂರಿಸುವುದು ನಿಮ್ಮ ಪಾಲು, ಎಳೆಯುವುದಷ್ಟೇ ಮಗುವಿನ ಪಾಲು. ಕೊನೆಯ ಹೆಜ್ಜೆಯಿಂದ ಶುರು ಮಾಡಿ ಹಿಂದಕ್ಕೆ ಬಂದರೆ ಪ್ರತಿ ಸಲವೂ ಮಣಿ ಬಿದ್ದು ಸರ ಬೆಳೆಯುವ ಸುಖ ಮಗುವಿಗೇ ಸಿಗುತ್ತದೆ.

ದಾರಕ್ಕೂ ಮೊದಲು ಕಡ್ಡಿ. ಮುದ್ದೆಮಾಡಿದ ಜೇಡಿಮಣ್ಣಿಗೆ ಮೊನೆಯಿಲ್ಲದ ಕಡ್ಡಿಯೊಂದನ್ನು ನೆಟ್ಟು ಬಳೆ, ರಿಬ್ಬನ್ ಸುತ್ತಿ ಬಂದ ಖಾಲಿ ಸುರುಳಿ ಇಂಥವನ್ನು ಇಳಿಸಲು ಹೇಳಬಹುದು. ಆಮೇಲೆ ಶೂ ಲೇಸು, ದೊಡ್ಡ ಮರದ ಮಣಿ ಅಥವಾ ಹಸಿ ಪಾಸ್ತಾ. ಅಮೆರಿಕದ ಆರೋಗ್ಯ ಇಲಾಖೆಯ ಸಿಡಿಸಿ ಸಂಸ್ಥೆ ಮೂರು ವರ್ಷದ ಬೆಳವಣಿಗೆಯ ಗುರುತುಗಳಲ್ಲಿ ದೊಡ್ಡ ಮಣಿ ಪೋಣಿಸುವುದನ್ನೂ ಸೇರಿಸಿದೆ. ಅಂದರೆ ಈ ವಯಸ್ಸಿಗೆ ದೊಡ್ಡದೇ ಸಾಕು. ಮೂರು ಸೆಂಟಿಮೀಟರಿಗಿಂತ ಸಣ್ಣ ಮಣಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಪಾಸ್ತಾ, ಗುಂಡಿಗಳದ್ದೂ ಅದೇ ಅಪಾಯ. ಇನ್ನೂ ಎಲ್ಲವನ್ನೂ ಬಾಯಿಗೆ ಹಾಕುವ ಮಗುವಾದರೆ ಬಳೆಯಲ್ಲೇ ಇರಲಿ. ಇಲ್ಲದಿದ್ದರೂ ಪೋಣಿಸುವಷ್ಟು ಹೊತ್ತು ದೊಡ್ಡವರು ಎದುರಿಗೇ ಕೂತಿರಬೇಕು.

ಇನ್ನು ಹೊಸೆಯುವುದು. ಕೋಡುಬಳೆ ಮಾಡುವ ಮನೆಯಲ್ಲಿ ಇದಕ್ಕೆ ಬೇರೆ ಸಾಮಾನು ಬೇಡ. ಹಿಟ್ಟನ್ನು ಮಣೆಯ ಮೇಲಿಟ್ಟು ಅಂಗೈಯಿಂದ ಹಿಂದಕ್ಕೂ ಮುಂದಕ್ಕೂ ಹೊಸೆದು, ಬತ್ತಿಯ ಎರಡು ತುದಿಯನ್ನೂ ಸೇರಿಸಿ ಒತ್ತುವ ಕೆಲಸದಲ್ಲಿ ಅಂಗೈಯೂ ಇದೆ, ಬೆರಳ ತುದಿಯೂ ಇದೆ. ಕೊನೆಗೆ ಸಿಗುವ ಆಕಾರ ಸೊನ್ನೆ. ಕನ್ನಡದ ಅಕ್ಷರಗಳಲ್ಲಿ ನೆಟ್ಟ ಗೆರೆಗಿಂತ ಸುತ್ತುಗಳೇ ಜಾಸ್ತಿ, ಹಾಗಾಗಿ ತುದಿಗೆ ತುದಿ ಕೂಡಿಸುವುದು ಪೆನ್ಸಿಲ್ಲಿಗೆ ಮೊದಲೇ ಕೈಗೆ ಗೊತ್ತಾಗಲಿ. ಮಕ್ಕಳಿಗೆ ಕೊಡುವ ಹಿಟ್ಟಿಗೆ ಖಾರದ ಪುಡಿ ಬೆರೆಸಿರಬಾರದು, ಕಣ್ಣುಜ್ಜಿಕೊಂಡರೆ ಕತೆ ಮುಗಿಯಿತು. ಚಪಾತಿ ಹಿಟ್ಟೇ ಉತ್ತಮ.

ಮೂರು ವರ್ಷದ ಕೈಗೆ ಮೊದಲು ಬರುವುದು ಹಿಟ್ಟನ್ನು ತಟ್ಟಿ ಚಪ್ಪಟೆ ಮಾಡುವುದು, ಆಮೇಲೆ ಮಣೆಯ ಮೇಲೆ ಹಾವು ಹೊಸೆಯುವುದು. ಎರಡು ಅಂಗೈ ನಡುವೆ ಉಂಡೆ ಕಟ್ಟುವುದು ಅದಕ್ಕಿಂತ ಕಷ್ಟ, ಏಕೆಂದರೆ ಕೈ ಸುತ್ತು ತಿರುಗಬೇಕು, ಅಂಗೈ ಸ್ವಲ್ಪ ಗುಳಿಯಾಗಬೇಕು. ಅಂಗೈಯನ್ನು ಚಪ್ಪಟೆಯಾಗಿಯೇ ಇಟ್ಟು ಉಜ್ಜಿದರೆ ಉಂಡೆಯ ಬದಲು ಬಿಲ್ಲೆ ಬರುತ್ತದೆ. ಬಿಲ್ಲೆ ಬಂದರೆ ಬೈಯಬೇಕಿಲ್ಲ, ಅಂಗೈಯ ಬಾಗು ಇನ್ನೂ ಮೂಡಿಲ್ಲ ಎಂದು ತಿಳಿಯಿರಿ. ಆ ಬಾಗು ಬಂದ ಮೇಲೆ ಬಟಾಣಿ ಕಾಳಿನಷ್ಟು ಹಿಟ್ಟನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳ ತುದಿಯಲ್ಲೇ ಉರುಟಿಸಲು ಹೇಳಿ. ಉಂಗುರಬೆರಳೂ ಕಿರುಬೆರಳೂ ಮಡಿಚಿಕೊಂಡು ಆಸರೆಯಾಗಿ ನಿಲ್ಲುತ್ತವೆ. ಪೆನ್ಸಿಲ್ ಹಿಡಿಯುವಾಗಲೂ ಕೈ ಹೀಗೇ ಎರಡು ಪಾಲಾಗುತ್ತದೆ. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ಶುರು ಮಾಡಿದ ಶಿಶುವಿಹಾರದ ಪದ್ಧತಿಯಲ್ಲಿ ಪುಟ್ಟ ಗುಬಟುಗಳಿರುವ ಮರದ ಉರುಳೆಗಳಿವೆ. ಮಕ್ಕಳು ಅವನ್ನು ಇದೇ ಮೂರು ಬೆರಳಲ್ಲಿ ಎತ್ತಿಡುತ್ತಾರೆ.

ಹಿಟ್ಟಿನ ಹದ ಮುಖ್ಯ. ಅಂಟುವ ಹಿಟ್ಟಾದರೆ ಮಗು ಕೈ ಒರೆಸಿಕೊಳ್ಳುವುದರಲ್ಲೇ ಹೊತ್ತು ಕಳೆಯುತ್ತದೆ. ತೀರ ಮೆದುವಾದರೆ ಬೆರಳಿಗೆ ಕೆಲಸವೇ ಇಲ್ಲ. ಪೂರಿ ಹಿಟ್ಟಿನಷ್ಟು ಗಟ್ಟಿ ಸರಿ. ಮೈದಾಕ್ಕೆ ಅದರ ಅರ್ಧದಷ್ಟು ಉಪ್ಪು ಸೇರಿಸಿ ಮಾಡುವ ಆಟದ ಹಿಟ್ಟು ಬಹಳ ದಿನ ಕೆಡುವುದಿಲ್ಲ ನಿಜ, ಆದರೆ ಅಷ್ಟು ಉಪ್ಪು ಮಗುವಿನ ಹೊಟ್ಟೆಗೆ ಹೋದರೆ ಅಪಾಯ. ಚೂರು ತಿಂದೇ ತಿನ್ನುವ ಮಗುವಿಗೆ ಅದು ಬೇಡ. ಕೂರಿಸುವುದು ನೆಲದ ಮೇಲೆ ಮಣೆಯ ಮುಂದಾದರೂ ಸೈ, ಮೇಜಾದರೆ ಮೊಣಕೈ ಎತ್ತರಕ್ಕೆ ಬರಲಿ. ಹೊಸೆಯುವಾಗ ಭುಜ ಕಿವಿಯ ಹತ್ತಿರ ಏರಿದ್ದರೆ ಮೇಜು ಎತ್ತರವಾಯಿತೆಂದೇ ಅರ್ಥ.

ಇವೆಲ್ಲ ಮಾಡಿಸಿದರೆ ಅಕ್ಷರ ದುಂಡಗಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳ ಬರವಣಿಗೆ ಸುಧಾರಿಸುವುದು ಬರೆಯುವ ಅಭ್ಯಾಸದಿಂದಲೇ, ಮಣಿ ಪೋಣಿಸುವುದು ಅದರ ಜಾಗ ತುಂಬುವುದಿಲ್ಲ ಎಂದು ಈ ಬಗ್ಗೆ ನಡೆದ ಅಧ್ಯಯನಗಳು ಹೇಳುತ್ತವೆ. ಮೂರು ವರ್ಷಕ್ಕೆ ಇವು ಕೊಡುವುದು ದಣಿಯದೆ ಹಿಡಿಯುವ, ಬೇಕಾದಾಗ ಬಿಡುವ ಕೈಯನ್ನು. ಹತ್ತು ನಿಮಿಷ ಕೂತರೆ ಧಾರಾಳವಾಯಿತು. ಎಡಗೈ ಮುಂದೆ ಮಾಡುವ ಮಗುವನ್ನು ಬಲಗೈಗೆ ತಿರುಗಿಸುವ ಗೋಜಿಗೂ ಹೋಗಬೇಡಿ.

ತಡವಾಗಿ ಬರುವ ಕೈಗೂ ತೊಂದರೆಯಿರುವ ಕೈಗೂ ವ್ಯತ್ಯಾಸವಿದೆ. ಒಂದು ಕೈಯನ್ನು ಯಾವಾಗಲೂ ಮುಷ್ಟಿಯಾಗಿಯೇ ಇಟ್ಟು ಎಲ್ಲವನ್ನೂ ಇನ್ನೊಂದರಿಂದಲೇ ಮಾಡುತ್ತಿದ್ದರೆ, ಮೊದಲು ಬರುತ್ತಿದ್ದ ಕೆಲಸ ಈಗ ಮರೆತಂತೆ ಕಂಡರೆ, ನಾಲ್ಕು ತುಂಬಿದರೂ ಸೊನ್ನೆ ಬರೆಯಲು ಆಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸುವ ಏರ್ಪಾಡಿದೆ, ಆ ದಿನವೇ ಕೇಳಬಹುದು.

ಇಷ್ಟರ ನಡುವೆ ಮಗು ತಾನಾಗಿ ಗೀಚಲು ಏನಾದರೂ ಕೇಳಿದರೆ ಪೆನ್ಸಿಲ್ಲಿನ ಬದಲು ಕ್ರೇಯಾನ್ ಕೊಡಿ. ಅದನ್ನೂ ಇಡಿಯಾಗಿ ಕೊಡಬೇಡಿ, ಒಂದೆರಡು ಅಂಗುಲದ ತುಂಡಾಗಿ ಮುರಿದು ಕೊಡಿ. ಅಷ್ಟು ಗಿಡ್ಡ ತುಂಡು ಮುಷ್ಟಿಯಲ್ಲಿ ಮುಳುಗಿಹೋಗುವುದರಿಂದ ಬೆರಳುಗಳೇ ಮುಂದೆ ಬಂದು ಹಿಡಿಯಬೇಕಾಗುತ್ತದೆ. ಕಾಗದವನ್ನು ಗೋಡೆಗೆ, ಮಗುವಿನ ಕಣ್ಣಿನ ಎತ್ತರಕ್ಕೆ ಅಂಟಿಸಿದರೆ ಮಣಿಕಟ್ಟು ತಾನಾಗಿ ಮೇಲಕ್ಕೆ ಬಾಗುತ್ತದೆ. ಕಾಗದ ಸ್ವಲ್ಪ ದೊಡ್ಡದೇ ಇರಲಿ, ಗೆರೆ ಗೋಡೆಗೂ ಹೋಗುತ್ತದೆ.