ಹೊಸ ಪಾಲುದಾರನ ಗುಡ್‌ವಿಲ್ ಹಣ ಯಾರಿಗೆ ಸೇರಬೇಕು?

ನಡೆಯುತ್ತಿರುವ ಅಂಗಡಿಗೆ ಹೊಸ ಪಾಲುದಾರ ಬರುವಾಗ ಎರಡು ಬಗೆಯ ಹಣ ತರುತ್ತಾನೆ. ಮೊದಲನೆಯದು ಬಂಡವಾಳ. ಅದು ಅವನ ಹೆಸರಿನಲ್ಲೇ ಜಮೆಯಾಗುತ್ತದೆ, ಬಿಟ್ಟುಹೋಗುವ ದಿನ ಅವನು ಅದನ್ನು ವಾಪಸು ಕೇಳಬಹುದು. ಎರಡನೆಯದು ಗುಡ್‌ವಿಲ್ ಹಣ. ಗಿರಾಕಿಗಳನ್ನು ಹಳಬರು ವರ್ಷಗಟ್ಟಲೆ ಕೂಡಿಸಿಟ್ಟಿದ್ದಾರೆ, ಹೊಸಬನಿಗೆ ಮೊದಲ ದಿನದಿಂದಲೇ ಅವರಿಂದ ಲಾಭ ಬರುತ್ತದೆ. ಅದಕ್ಕೆ ತೆರುವ ಬೆಲೆ ಇದು. ಈ ಎರಡನೆಯ ಹಣವನ್ನು ಪುಸ್ತಕದಲ್ಲಿ ಎಲ್ಲಿ ಬರೆಯಬೇಕು ಎಂಬುದಕ್ಕೆ ಇಂದಿನ ಉತ್ತರ ಸಿಕ್ಕಲು ಬಹಳ ಕಾಲ ಹಿಡಿಯಿತು. ನನ್ನ ಪ್ರಕಾರ ಆ ಉತ್ತರದ ಸಾರ ಇಷ್ಟು: ಗುಡ್‌ವಿಲ್ ನಮೂದು ಅಂಗಡಿಯ ಆಸ್ತಿಯನ್ನು ಹೆಚ್ಚಿಸುವ ನಮೂದೇ ಅಲ್ಲ, ಪಾಲುದಾರರು ತಮ್ಮೊಳಗೆ ಮಾಡಿಕೊಳ್ಳುವ ಲೆಕ್ಕ ಚುಕ್ತಾ.

ಕಥೆ ಶುರುವಾಗುವುದು ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ. 1810ರಲ್ಲಿ ಸರಕು ಸಾಗಿಸುವ ಗಾಡಿಗಳ ವ್ಯವಹಾರವೊಂದರ ಮಾರಾಟದ ತಕರಾರು ಲಾರ್ಡ್ ಎಲ್ಡನ್ ಮುಂದೆ ಬಂತು. ಹಳೆಯ ಗಿರಾಕಿಗಳು ಹಳೆಯ ಜಾಗಕ್ಕೇ ಬರುವ ಸಂಭವವನ್ನು ಬಿಟ್ಟರೆ ಗುಡ್‌ವಿಲ್‌ನಲ್ಲಿ ಬೇರೇನೂ ಇಲ್ಲ ಎಂದು ಅವರು ಹೇಳಿದರು. ಶತಮಾನ ಕಳೆಯುವಷ್ಟರಲ್ಲಿ ನ್ಯಾಯಾಧೀಶರ ಕಣ್ಣಿಗೆ ಅದು ಜಾಗಕ್ಕೆ ಮಾತ್ರ ಅಂಟಿದ್ದಾಗಿ ಉಳಿಯಲಿಲ್ಲ. 1901ರಲ್ಲಿ ಲಾರ್ಡ್ ಮ್ಯಾಕ್‌ನಾಟನ್ ಅದನ್ನು ಗಿರಾಕಿಯನ್ನು ಎಳೆದು ತರುವ ಶಕ್ತಿಯೆಂದು ಕಂಡರು. ನಮ್ಮಲ್ಲಿ 1872ರ ಕರಾರು ಕಾಯಿದೆಯೊಳಗೇ ಇದ್ದ ಪಾಲುದಾರಿಕೆಯ ನಿಯಮಗಳು 1932ರಲ್ಲಿ ಪ್ರತ್ಯೇಕ ಕಾಯಿದೆಯಾದವು. ಅದರ 14ನೇ ಕಲಂ ಗುಡ್‌ವಿಲ್ ಸಂಸ್ಥೆಯ ಸ್ವತ್ತಿನಲ್ಲಿ ಸೇರಿದೆ ಎಂದು ನೇರವಾಗಿಯೇ ಹೇಳುತ್ತದೆ.

ಲೆಕ್ಕ ಬರೆಯುವವರು ಕಾನೂನಿನ ಈ ಮಾತನ್ನು ಅಕ್ಷರಶಃ ಹಿಡಿದರು. ಸ್ವತ್ತು ಎಂದ ಮೇಲೆ ಆಸ್ತಿಯ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಬೇಡವೇ? ಹಾಗಾಗಿ ಹೊಸಬ ಬಂದಾಗ ಗುಡ್‌ವಿಲ್ ಖಾತೆಯೊಂದನ್ನು ತೆರೆದು, ಪೂರ್ತಿ ಮೌಲ್ಯವನ್ನು ಹಳಬರ ಬಂಡವಾಳಕ್ಕೆ ಜಮೆ ಮಾಡುವ ಪದ್ಧತಿ ಬಂತು. ಬೇಡವೆನಿಸಿದರೆ ಮರುಗಳಿಗೆಯೇ ಅದನ್ನು ಅಳಿಸಿಹಾಕುವುದೂ ಇತ್ತು. ನಮ್ಮ ಕಾಮರ್ಸ್ ವಿದ್ಯಾರ್ಥಿಗಳ ಎಷ್ಟೋ ತಂಡಗಳು ಇದನ್ನೇ ಕಲಿತು ಪರೀಕ್ಷೆ ಬರೆದಿವೆ.

ಒಂದು ಉದಾಹರಣೆಯನ್ನು ಕೊನೆತನಕ ನಡೆಸಿ ನೋಡೋಣ. ಅಣ್ಣ ತಮ್ಮ ಇಬ್ಬರ ಜವಳಿ ಅಂಗಡಿ ಎಂದಿಟ್ಟುಕೊಳ್ಳಿ. ಲಾಭದ ಹಂಚಿಕೆ ಅಣ್ಣನಿಗೆ 3 ಪಾಲು, ತಮ್ಮನಿಗೆ 2. ತೊಡಗಿಸಿದ ಬಂಡವಾಳ 40 ಲಕ್ಷ ರೂಪಾಯಿ. ಕೆಲವು ವರ್ಷಗಳ ಸರಾಸರಿ ಲಾಭ 8 ಲಕ್ಷ. ಇಬ್ಬರೂ ಗಲ್ಲಾದಲ್ಲಿ ಕೂತು ದುಡಿಯುವುದರ ಸಂಬಳವನ್ನು ಮೊದಲೇ ಕಳೆದು ಈ 8 ಲಕ್ಷಕ್ಕೆ ಬಂದಿರಬೇಕು. ಇಲ್ಲವಾದರೆ ಅವರ ಕೂಲಿಯೇ ಗುಡ್‌ವಿಲ್ ಆಗಿ ಕಾಣುತ್ತದೆ, ಹೊಸಬ ಇಲ್ಲದ್ದಕ್ಕೆ ಬೆಲೆ ಕೊಡುತ್ತಾನೆ. ಇಂಥ ವ್ಯಾಪಾರದಲ್ಲಿ ನೂರಕ್ಕೆ 12.5 ಹುಟ್ಟುವುದು ವಾಡಿಕೆ ಎಂದಾದರೆ 40 ಲಕ್ಷಕ್ಕೆ 5 ಲಕ್ಷ ಬರಬೇಕಿತ್ತು. ಉಳಿದ 3 ಲಕ್ಷ ಅಂಗಡಿಯ ಹೆಸರು ದುಡಿದದ್ದು. ಆ ಹೆಸರಿನ ಫಲ ಹೊಸಬನಿಗೆ ಎರಡು ವರ್ಷ ದಕ್ಕುತ್ತದೆಂದು ಮೂವರೂ ಒಪ್ಪಿದರೆ ಗುಡ್‌ವಿಲ್ 6 ಲಕ್ಷ. ಹೊಸ ಹಂಚಿಕೆ ಅಣ್ಣನಿಗೆ 5, ತಮ್ಮನಿಗೆ 3, ಹೊಸಬನಿಗೆ 2. ಹತ್ತರಲ್ಲಿ ಎರಡು ಪಾಲು ಪಡೆಯುವ ಹೊಸಬ ಕೊಡಬೇಕಾದದ್ದು 1,20,000.

ಹಳೆಯ ಪದ್ಧತಿಯಲ್ಲಿ 6 ಲಕ್ಷದ ಖಾತೆ ತೆರೆದು ಹಳೆಯ ಅನುಪಾತದಂತೆ ಅಣ್ಣನಿಗೆ 3,60,000, ತಮ್ಮನಿಗೆ 2,40,000 ಜಮೆ ಮಾಡುತ್ತಿದ್ದರು. ಅದನ್ನು ಅಳಿಸುವಾಗ ಹೊಸ ಅನುಪಾತ: ಅಣ್ಣನ ಖಾತೆಯಿಂದ 3,00,000, ತಮ್ಮನಿಂದ 1,80,000, ಹೊಸಬನಿಂದ 1,20,000 ಕಡಿತ. ಕೂಡಿ ಕಳೆದರೆ ಅಣ್ಣನಿಗೆ 60,000 ಉಳಿಯಿತು, ತಮ್ಮನಿಗೂ 60,000, ಹೊಸಬನಿಂದ 1,20,000 ಹೋಯಿತು. ಈಗ ಹಂಚಿಕೆಯನ್ನೇ ನೇರವಾಗಿ ನೋಡಿ. ಅಣ್ಣನ ಪಾಲು ಹತ್ತರಲ್ಲಿ ಆರಿದ್ದದ್ದು ಐದಾಯಿತು, ತಮ್ಮನದು ನಾಲ್ಕಿದ್ದದ್ದು ಮೂರಾಯಿತು. ಇಬ್ಬರೂ ಬಿಟ್ಟುಕೊಟ್ಟದ್ದು ಒಂದೊಂದೇ ಪಾಲು; ಹೊಸಬನ 1,20,000ವನ್ನು ಸಮನಾಗಿ ಹಂಚಿದರೆ ತಲಾ 60,000. ಅದೇ ಉತ್ತರ! 6 ಲಕ್ಷದ ಆಸ್ತಿ ಪುಸ್ತಕದೊಳಗೆ ಬಂದು ಹೋದದ್ದು ವೇಷ ಮಾತ್ರ. ಒಳಗೆ ನಡೆದದ್ದು ಪಾಲಿನ ಕೊಡುಕೊಳ್ಳುವಿಕೆ.

ಹೆಚ್ಚಿನ ಲೆಕ್ಕಗಳು ಕೆಡುವುದೂ ಇಲ್ಲಿಯೇ. ಹಳಬರ ನಡುವೆ ರೂಢಿಯಲ್ಲಿದ್ದ 3:2ರಲ್ಲೇ ಹಣ ಹಂಚಿದರೆ ಅಣ್ಣನಿಗೆ 72,000, ತಮ್ಮನಿಗೆ 48,000. ತಮ್ಮನಿಗೆ 12,000 ನಷ್ಟ, ಮೊತ್ತ ಮಾತ್ರ ಸರಿಯಾಗಿಯೇ ತಾಳೆಯಾಗುತ್ತದೆ, ಹಾಗಾಗಿ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಪರೀಕ್ಷಿಸುವ ದಾರಿ ಒಂದೇ, ಪ್ರತಿಯೊಬ್ಬರ ಹಳೆಯ ಪಾಲಿನಿಂದ ಹೊಸ ಪಾಲನ್ನು ಕಳೆಯಬೇಕು. ಅಣ್ಣ ತನ್ನ ಆರು ಪಾಲನ್ನು ಹಾಗೇ ಇಟ್ಟುಕೊಂಡು ತಮ್ಮನೊಬ್ಬನೇ ಎರಡು ಬಿಟ್ಟಿದ್ದರೆ 1,20,000 ಪೂರ್ತಿ ತಮ್ಮನದೇ. ಅಣ್ಣನ ಪಾಲು ಏರಿದ್ದರೆ ಅವನೂ ಹೊಸಬನಂತೆಯೇ ಕೊಡುವವನಾಗುತ್ತಾನೆ.

ಇಂದಿನ ಪದ್ಧತಿಯಲ್ಲಿ ನಮೂದುಗಳು ಎರಡೇ. ಹಣ ಬ್ಯಾಂಕಿಗೆ ಬಂದರೆ ಬ್ಯಾಂಕ್ ಖಾತೆಗೆ ಡೆಬಿಟ್, ಗುಡ್‌ವಿಲ್ ಪ್ರೀಮಿಯಂ ಖಾತೆಗೆ ಕ್ರೆಡಿಟ್. ಬಳಿಕ ಪ್ರೀಮಿಯಂ ಖಾತೆಗೆ ಡೆಬಿಟ್ ಹಾಕಿ, ಪಾಲು ಬಿಟ್ಟವರ ಬಂಡವಾಳಕ್ಕೆ ಕ್ರೆಡಿಟ್. ಹೊಸಬ ಹಣ ತರಲಾಗದಿದ್ದರೆ ಅವನ ಚಾಲ್ತಿ ಖಾತೆಗೆ ಡೆಬಿಟ್ ಬೀಳುತ್ತದೆ. ಮನೆಯಲ್ಲೇ ಕೈಯಿಂದ ಕೈಗೆ ಕೊಟ್ಟು ಮುಗಿಸಿದರೆ ಸಂಸ್ಥೆಯ ಪುಸ್ತಕದಲ್ಲಿ ಏನೂ ಬರೆಯುವಂತಿಲ್ಲ. ಹಳೆಯ ಪಟ್ಟಿಯಲ್ಲಿ ಗುಡ್‌ವಿಲ್ ಮೊದಲೇ ಕೂತಿದ್ದರೆ ಅದನ್ನು ಹಳಬರಿಬ್ಬರೇ ತಮ್ಮ ಹಳೆಯ ಅನುಪಾತದಲ್ಲಿ ತೆಗೆದುಹಾಕಬೇಕು.

ಹಳೆಯ ಪದ್ಧತಿಯಿಂದ ಇಂದಿನ ಪದ್ಧತಿಗೆ ಬಂದ ತಿರುವಿನಲ್ಲಿ ಕರ್ನಾಟಕಕ್ಕೂ ಒಂದು ಪಾತ್ರವಿದೆ. ಬಿ.ಸಿ. ಶ್ರೀನಿವಾಸ ಶೆಟ್ಟಿ ಎಂಬ ಅಗರಬತ್ತಿ ತಯಾರಿಸುವ ಪಾಲುದಾರಿಕೆ ಸಂಸ್ಥೆ 1965ರ ಕೊನೆಯಲ್ಲಿ ವಿಸರ್ಜನೆಯಾಯಿತು. ಗುಡ್‌ವಿಲ್‌ಗೆ 1,50,000 ರೂಪಾಯಿ ಬೆಲೆ ಕಟ್ಟಿದರು, ಅದೇ ಹೆಸರಿನ ಹೊಸ ಸಂಸ್ಥೆ ಅದನ್ನು ವಹಿಸಿಕೊಂಡಿತು. ಬಂಡವಾಳ ಲಾಭದ ತೆರಿಗೆಯ ತಕರಾರು ಕರ್ನಾಟಕ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. 1981ರಲ್ಲಿ ಬಂದ ತೀರ್ಪು: ತಾನಾಗಿ ಬೆಳೆದ ಗುಡ್‌ವಿಲ್‌ಗೆ ಕೊಂಡ ಬೆಲೆ ಎಂಬುದೇ ಇಲ್ಲ, ಯಾವತ್ತು ಹುಟ್ಟಿತೆಂದೂ ಹೇಳಲಾಗದು, ಹಾಗಾಗಿ ಲಾಭದ ಲೆಕ್ಕ ಕಟ್ಟಲಾಗದು, ತೆರಿಗೆಯೂ ಬೀಳದು. ಸಂಸತ್ತು 1987ರಲ್ಲಿ ಅಂಥ ಗುಡ್‌ವಿಲ್‌ನ ಕೊಂಡ ಬೆಲೆಯನ್ನು ಸೊನ್ನೆಯೆಂದು ಬರೆದು ಆ ದಾರಿ ಮುಚ್ಚಿತು. ಲೆಕ್ಕಶಾಸ್ತ್ರವೂ ಬೇರೆ ದಾರಿಯಿಂದ ಇದೇ ತೊಡಕಿಗೆ ಬಂದಿತ್ತು. ಹಣವೋ ಹಣದ ಮೌಲ್ಯದ್ದೋ ಕೊಟ್ಟು ಕೊಂಡಾಗ ಮಾತ್ರ ಗುಡ್‌ವಿಲ್ ಬರೆಯಬೇಕೆಂದು 1985ರ ಲೆಕ್ಕಪತ್ರ ಮಾನಕ 10 ಹೇಳಿತು. ಒಳಗೇ ಬೆಳೆದದ್ದನ್ನು ಆಸ್ತಿಯೆಂದು ತೋರಿಸಕೂಡದೆಂದು 2002ರ ಮಾನಕ 26 ಕಡ್ಡಿ ಮುರಿದಂತೆ ನುಡಿಯಿತು. ಪಠ್ಯಪುಸ್ತಕಗಳೂ ಆಮೇಲೆ ಅದನ್ನೇ ಅನುಸರಿಸಿದವು.

ಕಾನೂನು ಸ್ವತ್ತು ಎನ್ನುವಾಗ ಲೆಕ್ಕ ಅದನ್ನು ಬಿಡುವುದು ವಿರೋಧಾಭಾಸವಲ್ಲವೇ ಎಂದು ಕೇಳಬಹುದು. ನನಗೆ ಹಾಗೆನ್ನಿಸುವುದಿಲ್ಲ. ಅಂಗಡಿಯನ್ನೇ ಮಾರುವ ದಿನ ಗುಡ್‌ವಿಲ್ ಸ್ವತ್ತು, ಕೊಂಡವನು ಅದಕ್ಕೆ ಬೆಲೆ ತೆರುತ್ತಾನೆ. ಹೊಸಬ ಸೇರಿದ ದಿನ ಅಂಗಡಿ ಮಾರಾಟವಾಗಿಲ್ಲ, ಗಿರಾಕಿ ಒಬ್ಬನೂ ಹೆಚ್ಚಿಲ್ಲ. ಆದರೂ ಹಳೆಯ ಪದ್ಧತಿಯಲ್ಲಿ ಗುಡ್‌ವಿಲ್ ಖಾತೆಯನ್ನು ಅಳಿಸದೆ ಬಿಟ್ಟರೆ ಬಂಡವಾಳ 6 ಲಕ್ಷ ಉಬ್ಬಿ ನಿಲ್ಲುತ್ತಿತ್ತು, ಸಾಲ ಕೊಡುವ ಬ್ಯಾಂಕು ಅದನ್ನೇ ಓದುತ್ತಿತ್ತು. ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಎರಡು ವರ್ಷವೇ ಏಕೆ, ಮೂರು ಏಕಲ್ಲ? ಈ ಸಂಖ್ಯೆಯೇ ಅಂದಾಜು. ನಿಜ, ಮೂರು ಹಿಡಿದರೆ ಹೊಸಬ 1,80,000 ಕೊಡಬೇಕಾಗುತ್ತದೆ. ಅಂದಾಜಿನ ಹಂಗು ತಪ್ಪಿಸುವ ಸೂತ್ರ ಯಾವುದೂ ಇಲ್ಲ. ಇಂದಿನ ನಮೂದಿನಲ್ಲಿ ಆ ಅಂದಾಜಿನ ಲಾಭ ನಷ್ಟ ಒಪ್ಪಿ ಸಹಿ ಹಾಕಿದ ಮೂವರೊಳಗೇ ಉಳಿಯುತ್ತದೆ, ಹೊರಗಿನವರನ್ನು ದಾರಿ ತಪ್ಪಿಸುವುದಿಲ್ಲ. ಅಷ್ಟು ಸಾಕು.

ಆದ್ದರಿಂದ ಹೊಸಬನನ್ನು ಸೇರಿಸಿಕೊಳ್ಳುವವರು ಒಪ್ಪಂದ ಪತ್ರದಲ್ಲಿ ಗುಡ್‌ವಿಲ್‌ನ ಮೊತ್ತವನ್ನಷ್ಟೇ ಅಲ್ಲ, ಮೂವರ ಹೊಸ ಪಾಲನ್ನೂ ಸಂಖ್ಯೆಯಲ್ಲೇ ಬರೆಸಿಕೊಳ್ಳಲಿ. ಪಾಲಿನ ಬಗ್ಗೆ ಒಪ್ಪಂದವೇ ಇಲ್ಲದಿದ್ದರೆ 1932ರ ಕಾಯಿದೆಯ 13ನೇ ಕಲಂ ಪ್ರಕಾರ ಲಾಭ ಮೂವರಿಗೂ ಸಮಪಾಲು.