ಸಲೂನಿನ ಗಲ್ಲಾದಲ್ಲಿ ತೆರಿಗೆಯ ಪಾಲೆಷ್ಟು?

ಸಲೂನ್ ನಡೆಸುವ ಒಬ್ಬೊಂಟಿ ಮಾಲೀಕರಿಗೆ ಅಂಗಡಿಯ ಲಾಭವೇ ಸ್ವಂತ ಆದಾಯ. ಅಂಗಡಿಗೊಂದು, ತಮಗೊಂದು ಅಂತ ಬೇರೆ ಬೇರೆ ತೆರಿಗೆ ಇರುವುದಿಲ್ಲ. ಹಾಗಾಗಿ ವರ್ಷದ ತೆರಿಗೆ ಅಂದಾಜು ಮಾಡುವುದೆಂದರೆ ಮೊದಲು ಲಾಭವನ್ನು ಸರಿಯಾಗಿ ಕಂಡುಕೊಳ್ಳುವುದು. ಅಲ್ಲಿ ಎಡವಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

2025-26ನೇ ಸಾಲಿನ ಲೆಕ್ಕವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹುಬ್ಬಳ್ಳಿಯ ಒಂದು ಪಾರ್ಲರಿಗೆ ವರ್ಷಕ್ಕೆ ಬಂದ ಹಣ, ಜಿಎಸ್‌ಟಿ ಬಿಟ್ಟು, 44 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಗ್ರಾಹಕರಿಂದ ವಸೂಲಿ ಮಾಡಿದ ಜಿಎಸ್‌ಟಿ ಸರ್ಕಾರದ್ದು, ಅದು ನಿಮ್ಮ ಆದಾಯವಲ್ಲ. ಇನ್ನು ಖರ್ಚು. ಬಾಡಿಗೆ 5.4 ಲಕ್ಷ, ಕೆಲಸದವರ ಸಂಬಳ ಮತ್ತು ಕಮಿಷನ್ 15.6 ಲಕ್ಷ, ಶಾಂಪೂ, ಕಲರ್, ಫೇಶಿಯಲ್ ಸಾಮಾನು 5.5 ಲಕ್ಷ, ಕರೆಂಟು ಮತ್ತು ನೀರು 1.5 ಲಕ್ಷ, ಟವೆಲ್ ಲಾಂಡ್ರಿ, ಜಾಹೀರಾತು, ಲೆಕ್ಕ ಬರೆಯುವವರ ಫೀಸು ಸೇರಿ 40 ಸಾವಿರ, ಅಂಗಡಿಗೆಂದು ತೆಗೆದ ಸಾಲದ ಬಡ್ಡಿ 60 ಸಾವಿರ. ಒಟ್ಟು 29 ಲಕ್ಷ. ಇದಿಷ್ಟೂ ವ್ಯವಹಾರಕ್ಕೆಂದೇ ಆದ ಖರ್ಚು, ಬಿಲ್ ಇದ್ದರೆ ಪೂರ್ತಿ ಕಳೆಯಬಹುದು.

ಆದರೆ ಈ ಮಾಲೀಕರು ಏಪ್ರಿಲ್‌ನಲ್ಲಿ 8 ಲಕ್ಷಕ್ಕೆ ಹೊಸ ಕುರ್ಚಿ, ಕನ್ನಡಿ, ಎಸಿ, ಸ್ಟೀಮರ್ ಕೊಂಡಿದ್ದಾರೆ. ಎಂಟು ಲಕ್ಷವನ್ನೂ ಈ ವರ್ಷದ ಖರ್ಚಿಗೆ ಬರೆಯೋಣ ಅನ್ನಿಸುವುದು ಸಹಜ, ಆದರೆ ಬರೆಯುವಂತಿಲ್ಲ. ವರ್ಷಗಟ್ಟಲೆ ಉಳಿಯುವ ವಸ್ತುವಿನಲ್ಲಿ ಆಯಾ ವರ್ಷದ ಸವಕಳಿ ಮಾತ್ರ ಕಳೆಯಬಹುದು. ಪೀಠೋಪಕರಣಕ್ಕೆ ಶೇ. 10, ಯಂತ್ರಗಳಿಗೆ ಶೇ. 15. ಎರಡಕ್ಕೂ ನಾಲ್ಕು ನಾಲ್ಕು ಲಕ್ಷ ಹಾಕಿದ್ದರೆ ಸವಕಳಿ 40 ಸಾವಿರ ಮತ್ತು 60 ಸಾವಿರ, ಒಟ್ಟು ಒಂದು ಲಕ್ಷ. ಅದೇ ಸಾಮಾನನ್ನು ನವೆಂಬರಿನಲ್ಲಿ ಕೊಂಡಿದ್ದರೆ ಆ ವರ್ಷದ ಬಳಕೆ 180 ದಿನಕ್ಕಿಂತ ಕಡಿಮೆಯಾಗುತ್ತದೆ, ಸವಕಳಿಯಲ್ಲಿ ಅರ್ಧವೇ ಸಿಗುತ್ತದೆ.

ಹೀಗೆ ಖರ್ಚು 30 ಲಕ್ಷ, ಲಾಭ 14 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ. ಮುಂದಿನ 4 ಲಕ್ಷಕ್ಕೆ ಶೇ. 5ರಂತೆ 20 ಸಾವಿರ, ಅದರ ಮುಂದಿನ 4 ಲಕ್ಷಕ್ಕೆ ಶೇ. 10ರಂತೆ 40 ಸಾವಿರ, ಉಳಿದ 2 ಲಕ್ಷಕ್ಕೆ ಶೇ. 15ರಂತೆ 30 ಸಾವಿರ. ಒಟ್ಟು 90 ಸಾವಿರಕ್ಕೆ ಶೇ. 4 ಸೆಸ್ ಸೇರಿ 93,600 ರೂಪಾಯಿ. ಬೇರೆ ಆದಾಯವಿಲ್ಲದೆ ಲಾಭ 12 ಲಕ್ಷದೊಳಗಿದ್ದರೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಸಂಬಳದಾರರಿಗೆ ಸಿಗುವ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಮಾತ್ರ ವ್ಯಾಪಾರದ ಆದಾಯಕ್ಕಿಲ್ಲ.

ಖರ್ಚಲ್ಲದ್ದನ್ನು ಖರ್ಚೆಂದು ಬರೆಯುವುದು ಹೆಚ್ಚಾಗಿ ಮೂರು ಕಡೆ. ಕಟ್ಟಡದ ಮಾಲೀಕರಿಗೆ ಕೊಟ್ಟ ಅಡ್ವಾನ್ಸ್ ವಾಪಸ್ ಬರುವ ಹಣ, ಅದು ಖರ್ಚಲ್ಲ. ಇಎಂಐನಲ್ಲಿ ಬಡ್ಡಿ ಮಾತ್ರ ಖರ್ಚು, ಅಸಲಲ್ಲ. ಮನೆಗೆಂದು ಗಲ್ಲಾದಿಂದ ತೆಗೆದುಕೊಂಡದ್ದನ್ನು ‘ನನ್ನ ಸಂಬಳ’ ಎಂದು ಕಳೆಯುವಂತಿಲ್ಲ, ಅದು ಲಾಭದಲ್ಲೇ ಸೇರಿದೆ.

ಇವೆಲ್ಲಕ್ಕಿಂತ ದುಬಾರಿಯಾಗುವುದು ನಗದು. ಒಬ್ಬರಿಗೆ ಒಂದೇ ದಿನ 10 ಸಾವಿರಕ್ಕಿಂತ ಹೆಚ್ಚು ನಗದಾಗಿ ಕೊಟ್ಟರೆ ಆ ಖರ್ಚನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮ ಪಾರ್ಲರಿನವರು ತಿಂಗಳಿಗೆ 45 ಸಾವಿರ ಬಾಡಿಗೆಯನ್ನು ನೋಟುಗಳಲ್ಲೇ ಕೊಟ್ಟಿದ್ದರೆ, ರಸೀದಿ ಇದ್ದರೂ 5.4 ಲಕ್ಷ ಬಿದ್ದುಹೋಗುತ್ತದೆ. ಲಾಭ 19.4 ಲಕ್ಷವೆಂದಾಗಿ ತೆರಿಗೆ 1,95,520ಕ್ಕೆ ಏರುತ್ತದೆ. ಅದೇ ಬಾಡಿಗೆಯನ್ನು ಬ್ಯಾಂಕಿನಿಂದ ಕಳಿಸಿದ್ದರೆ ಒಂದು ಲಕ್ಷಕ್ಕೂ ಮೇಲೆ ಉಳಿಯುತ್ತಿತ್ತು. ಇಪ್ಪತ್ತು ಸಾವಿರದ ಸಂಬಳವನ್ನು ಕವರಿನಲ್ಲಿಟ್ಟು ಕೊಡುವವರೂ ಇದನ್ನು ಗಮನಿಸಲಿ.

ಇಷ್ಟೆಲ್ಲ ಬೇಡ ಅನ್ನುವವರಿಗೆ 44ಎಡಿ ಎಂಬ ಅಂದಾಜು ಲಾಭದ ದಾರಿಯಿದೆ. ಡಿಜಿಟಲ್ ಆಗಿ ಬಂದ ಹಣದಲ್ಲಿ ಶೇ. 6, ನಗದಿನಲ್ಲಿ ಶೇ. 8 ಕನಿಷ್ಠ ಲಾಭ ತೋರಿಸಬೇಕು. ಖರ್ಚೆಲ್ಲ ಅದರಲ್ಲೇ ಕಳೆದಂತೆ, ಬೇರೆ ಕೇಳುವಂತಿಲ್ಲ. 44 ಲಕ್ಷದಲ್ಲಿ 30 ಲಕ್ಷ ಡಿಜಿಟಲ್ ಆಗಿದ್ದರೆ ಈ ಲೆಕ್ಕದಲ್ಲಿ ಲಾಭ ಬರೀ 2.92 ಲಕ್ಷ. ಆದರೆ ಇದು ಕನಿಷ್ಠ ಮಟ್ಟ ಅಷ್ಟೇ. ನಿಜಕ್ಕೂ 14 ಲಕ್ಷ ಉಳಿದವರು 14 ಲಕ್ಷವನ್ನೇ ತೋರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೂರು ಲಕ್ಷ ಲಾಭ ತೋರಿಸಿ ಸೈಟು ಕೊಂಡರೆ ಹಣ ಎಲ್ಲಿಂದ ಬಂತೆಂಬ ಪ್ರಶ್ನೆ ಏಳುತ್ತದೆ. ಗೃಹಸಾಲಕ್ಕೆ ಹೋದರೆ ಬ್ಯಾಂಕೂ ಆ ಮೂರು ಲಕ್ಷವನ್ನೇ ನೋಡುತ್ತದೆ. ಒಮ್ಮೆ ಈ ದಾರಿ ಹಿಡಿದು ಮುಂದಿನ ಐದು ವರ್ಷದೊಳಗೆ ಬಿಟ್ಟರೆ, ನಂತರದ ಐದು ವರ್ಷ ಅದಕ್ಕೆ ಮರಳುವಂತಿಲ್ಲ.

ವರ್ಷದ ತೆರಿಗೆ 10 ಸಾವಿರ ಮುಟ್ಟುವಂತಿದ್ದರೆ ಮುಂಗಡವಾಗಿ ಕಟ್ಟಬೇಕು. 44ಎಡಿಯವರು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಿದರೆ ಸಾಕು. ಉಳಿದವರು ಜೂನ್ 15ರೊಳಗೆ ಶೇ. 15, ಸೆಪ್ಟೆಂಬರ್ 15ರೊಳಗೆ ಶೇ. 45, ಡಿಸೆಂಬರ್ 15ರೊಳಗೆ ಶೇ. 75, ಮಾರ್ಚ್ 15ರೊಳಗೆ ಪೂರ್ತಿ ಸಲ್ಲಿಸಿರಬೇಕು. ಮದುವೆ ಸೀಸನ್ನಿನಲ್ಲಿ ಗಳಿಕೆ ಏರುವುದರಿಂದ ಪ್ರತಿ ಕಂತಿಗೆ ಮುಂಚೆ ಅಂದಾಜನ್ನು ಹೊಸದಾಗಿ ಹಾಕಿಕೊಳ್ಳಿ. ಕಂತು ಕಡಿಮೆಬಿದ್ದರೆ ಕೊರತೆಯ ಮೇಲೆ ತಿಂಗಳಿಗೆ ಶೇ. 1 ಬಡ್ಡಿ ಬೀಳುತ್ತದೆ.