ನಿಶ್ಚಿತಾರ್ಥದ ಸುದ್ದಿ: ಬಂಧುಗಳ ವಾಟ್ಸಾಪ್ ಗುಂಪಿಗೆ ಬರೆಯುವ ಬಗೆ

ವೀಳ್ಯ ಬದಲಾಯಿಸಿದ ದಿನವೇ ಸುದ್ದಿಯನ್ನು ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕುವುದು ನಮ್ಮ ಮಲೆನಾಡಿನ ಮನೆಗಳಲ್ಲಿಯೂ ರೂಢಿಯಾಗಿದೆ. ಸಾಗರದ ಮನೆಯೊಂದರಿಂದ ಇಂತಹ ಒಕ್ಕಣೆ ಹೊರಟಿತೆಂದು ಭಾವಿಸೋಣ:

"ಬೆಂಗಳೂರಿನ ಹೆಸರಾಂತ ಕಂಪನಿಯಲ್ಲಿ ಉನ್ನತ ಹುದ್ದೆಯಲ್ಲಿರುವ ನಮ್ಮ ಸುಪುತ್ರಿಯ ನಿಶ್ಚಿತಾರ್ಥವು ಪ್ರತಿಷ್ಠಿತ ಮನೆತನದ ಎಂಜಿನಿಯರ್ ವರನೊಂದಿಗೆ ವೈಭವದಿಂದ ನೆರವೇರಿತು."

ಇದರಲ್ಲಿ ಸುಳ್ಳೇನೂ ಇಲ್ಲದಿರಬಹುದು. ಆದರೆ ಹುದ್ದೆ, ಮನೆತನ, ವೈಭವ ಮೂರೂ ಅಳತೆಯ ಮಾತುಗಳು. ಓದಿದವರು ತಮ್ಮ ಮಕ್ಕಳನ್ನು ಪಕ್ಕದಲ್ಲಿಟ್ಟು ತೂಗುವಂತಾಗುತ್ತದೆ. ಓದುವ ಅತ್ತೆ, ಚಿಕ್ಕಪ್ಪಂದಿರಿಗೆ ಅಲ್ಲಿ ಎಡೆಯೇ ಇಲ್ಲ. ಅದನ್ನೇ ಹೀಗೆ ಬರೆಯಬಹುದು:

"ಎಲ್ಲರಿಗೂ ಶರಣು ಶರಣಾರ್ಥಿ. ನಿಮ್ಮೆಲ್ಲರ ಕೈಯಲ್ಲಿ ಆಡಿ ಬೆಳೆದ ನಮ್ಮ ಮಗಳಿಗೆ ಕೋಣಂದೂರಿನ ಹುಡುಗನೊಂದಿಗೆ ಇಂದು ನಿಶ್ಚಯವಾಯಿತು. ಸಂಬಂಧದ ಮಾತನ್ನು ಮೊದಲು ಎತ್ತಿದವರು ರಿಪ್ಪನ್‌ಪೇಟೆಯ ದೊಡ್ಡಪ್ಪ. ಎರಡು ಮನೆಯವರಷ್ಟೇ ಸೇರಿದ್ದೆವು. ಮದುವೆಗೆ ಕರೆಯಲು ಮನೆಗೇ ಬರುತ್ತೇವೆ. ಇಬ್ಬರನ್ನೂ ಹರಸಿರಿ."

ಎರಡು ಮನೆಯವರಷ್ಟೇ ಎಂಬ ಮಾತನ್ನು ಬಿಡಲಾಗದು. ಅದಿಲ್ಲದಿದ್ದರೆ, ತಮ್ಮನ್ನೇ ಬಿಟ್ಟು ಉಳಿದವರನ್ನೆಲ್ಲ ಕರೆದರೆಂದು ದೂರದ ಬಂಧುಗಳು ನೊಂದುಕೊಳ್ಳುತ್ತಾರೆ. ದೊಡ್ಡಪ್ಪನ ಹೆಸರೆತ್ತಿದ್ದೂ ಹಾಗೆಯೇ. ಉಪಕಾರ ನೆನೆದಲ್ಲಿ ಜಂಬ ನಿಲ್ಲದು.

ಅಜ್ಜಿ, ಸೋದರಮಾವಂದಿರಿಗೆ ಮೊದಲೇ ದೂರವಾಣಿಯಲ್ಲಿ ತಿಳಿಸಬೇಕು. ಅವರು ಗುಂಪಿನಲ್ಲಿ ಓದಿ ತಿಳಿಯುವಂತಾಗಬಾರದು. ಬೀಗರ ಒಪ್ಪಿಗೆ ಪಡೆದು ಎರಡೂ ಕಡೆಯವರು ಒಂದೇ ಹೊತ್ತಿಗೆ ಹಾಕುವುದು ಲೇಸು. ಹಿರಿಯರ ನಡುವೆ ಜೋಡಿ ಕುಳಿತ ಒಂದೇ ಚಿತ್ರ ಸಾಕು. ಒಡವೆ, ಸೀರೆಯ ತಟ್ಟೆಗಳ ಚಿತ್ರ ಬೇಡ. ಬಳಗದಲ್ಲಿ ಈಚೆಗೆ ಸಂಬಂಧ ಮುರಿದ ಮನೆಯಿದ್ದರೆ ಅವರಿಗೆ ಹಿಂದಿನ ದಿನವೇ ಮೆಲ್ಲನೆ ಹೇಳಿರಬೇಕು.